ಒಂದೇ ಪ್ರಾಜೆಕ್ಟ್, ಎರಡು ಪತ್ರ: ಕವರ್ ಲೆಟರ್ ಮತ್ತು ಎಸ್‌ಒಪಿ ಬರೆದ ನನ್ನ ಅನುಭವ

ಪಿಎಚ್‌ಡಿಗೆ ಅರ್ಜಿ ಹಾಕಿದ ವರ್ಷ ನಾನು ಮೊದಲು ಬರೆದದ್ದು ಎಸ್‌ಒಪಿ, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅದು ಬೇಕಿತ್ತು. ಎರಡು ಪುಟ, ಸುಮಾರು 900 ಪದ. ಮೂರು ವಾರ ತಿದ್ದಿ ತಿದ್ದಿ ಮುಗಿಸಿದ್ದೆ. ಆಮೇಲೆ ಸ್ವೀಡನ್‌ನ ಒಂದು ಪಿಎಚ್‌ಡಿ ಹುದ್ದೆಯ ಜಾಹೀರಾತು ಕಣ್ಣಿಗೆ ಬಿತ್ತು. ಅಲ್ಲಿ ಕವರ್ ಲೆಟರ್ ಕೇಳಿದ್ದರು. ಎಸ್‌ಒಪಿ ಹೇಗೂ ಇದೆಯಲ್ಲ ಅಂತ ಮೇಲೊಂದು ‘ಮಾನ್ಯರೇ’ ಸೇರಿಸಿ, ಕೊನೆಗೆ ಸಹಿ ಹಾಕಿ ಕಳಿಸಿಬಿಟ್ಟೆ. ಸಂದರ್ಶನಕ್ಕೆ ಕರೆ ಬರಲಿಲ್ಲ.

ಕಾರಣ ಕೇಳಿ ಒಂದು ಸಣ್ಣ ಮೇಲ್ ಬರೆದೆ. ಆ ಪ್ರಾಧ್ಯಾಪಕರು ಉತ್ತರ ಕೊಟ್ಟರು. ‘ನಿಮಗೇನು ಆಸಕ್ತಿ ಅಂತ ಗೊತ್ತಾಯಿತು. ಆದರೆ ನಾವು ಕೇಳಿದ ಕೆಲಸ ನಿಮಗೆ ಬರುತ್ತದೋ ಇಲ್ಲವೋ ಅಂತ ಪತ್ರದಲ್ಲಿ ಸಿಗಲಿಲ್ಲ’ ಅಂತ ಅದರಲ್ಲಿತ್ತು. ನಾನು ಆ ಜಾಹೀರಾತನ್ನು ಮತ್ತೆ ತೆರೆದು ಓದಿದೆ. ಎರಡು ಪತ್ರಗಳ ನಡುವಿನ ವ್ಯತ್ಯಾಸ ನನಗೆ ಆಗ ತಿಳಿಯಿತು.

ಸ್ವೀಡನ್, ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಪಿಎಚ್‌ಡಿ ಹೆಚ್ಚಾಗಿ ಸಂಬಳದ ಕೆಲಸ. ಹುದ್ದೆಗೆ ಒಂದು ಸಂಖ್ಯೆ ಇರುತ್ತದೆ, ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ಸಂಶೋಧನೆಯ ಪ್ರಶ್ನೆಯನ್ನು ಪ್ರಾಧ್ಯಾಪಕರು ಆಗಲೇ ಬರೆದಿರುತ್ತಾರೆ, ಅದಕ್ಕೆ ಹಣವೂ ಮಂಜೂರಾಗಿರುತ್ತದೆ. ಅವರಿಗೆ ಬೇಕಾದದ್ದು ಆ ಕೆಲಸ ಮಾಡಿ ಮುಗಿಸುವ ಒಬ್ಬ ವ್ಯಕ್ತಿ. ಅಮೆರಿಕದ ಪಿಎಚ್‌ಡಿಯಲ್ಲಿ ಹಾಗಲ್ಲ. ಅಲ್ಲಿ ಅರ್ಜಿ ಹೋಗುವುದು ವಿಭಾಗದ ಸಮಿತಿಗೆ. ನಿಖರವಾದ ಪ್ರಶ್ನೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಈ ವಿದ್ಯಾರ್ಥಿಗೆ ಒಂದು ಪ್ರಶ್ನೆ ಹುಟ್ಟಿದೆಯಾ, ಅದನ್ನು ಬೆಳೆಸುವವರು ನಮ್ಮಲ್ಲಿ ಇದ್ದಾರಾ ಅಂತ ಅವರು ನೋಡುತ್ತಾರೆ. ಹಾಗಾಗಿ ನಾನು ಈಗ ಏನು ಬರೆಯುವ ಮೊದಲೂ ಕೇಳಿಕೊಳ್ಳುವುದು ಒಂದೇ: ಇಲ್ಲಿ ಪ್ರಶ್ನೆ ಯಾರದು? ಅವರದಾದರೆ ಕವರ್ ಲೆಟರ್, ನನ್ನದಾದರೆ ಎಸ್‌ಒಪಿ.

ನನ್ನ ಮಾಸ್ಟರ್ಸ್ ಪ್ರಾಜೆಕ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳಿಂದ ಹೊಲದ ಮಣ್ಣಿನ ತೇವವನ್ನು ಅಂದಾಜು ಮಾಡುವುದು ನನ್ನ ಕೆಲಸವಾಗಿತ್ತು. 40 ಜಾಗಗಳಲ್ಲಿ ಮಣ್ಣಿನ ತೇವ ಅಳೆದು ಚಿತ್ರದ ಜೊತೆ ಹೋಲಿಸಿದ್ದೆ. ಬಿತ್ತನೆಗೆ ಮೊದಲು ಅಂದಾಜು ಚೆನ್ನಾಗಿ ಹೊಂದುತ್ತಿತ್ತು. ಪೈರು ಎತ್ತರ ಬಂದ ಮೇಲೆ ಕೆಡುತ್ತಿತ್ತು. ಎಲೆಗಳೂ ರಾಡಾರ್ ಅಲೆಯನ್ನು ಚದುರಿಸುತ್ತವೆ, ಹಾಗಾಗಿ ವಾಪಸ್ ಬಂದ ಸಿಗ್ನಲ್‌ನಲ್ಲಿ ಮಣ್ಣಿನ ಪಾಲು ಎಷ್ಟು, ಗಿಡದ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ.

ಎಸ್‌ಒಪಿಯಲ್ಲಿ ಈ ಕೆಟ್ಟ ಅಂದಾಜೇ ನನ್ನ ಆಸ್ತಿಯಾಯಿತು. ಅಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ, ತಾತ್ಪರ್ಯ ಹೀಗಿತ್ತು: ‘ಪೈರು ಬೆಳೆದ ವಾರಗಳಲ್ಲಿ ನನ್ನ ಅಂದಾಜು ತಪ್ಪಿತು. ಮೊದಲು ಅಳತೆಯಲ್ಲೇ ದೋಷ ಇದೆ ಎಂದುಕೊಂಡು ಎಲ್ಲ ಜಾಗಗಳಲ್ಲೂ ಮತ್ತೆ ಅಳೆದೆ. ಅಳತೆ ಸರಿಯಿತ್ತು, ತೊಂದರೆ ಗಿಡಗಳಿಂದ ಬರುತ್ತಿತ್ತು. ಉದ್ದ ಅಲೆಯ ರಾಡಾರ್ ಎಲೆಗಳನ್ನು ದಾಟಿ ಇನ್ನಷ್ಟು ಕೆಳಗೆ ಹೋಗುತ್ತದೆ. ಎರಡು ಅಲೆಗಳ ಚಿತ್ರಗಳನ್ನು ಜೊತೆಯಾಗಿ ಬಳಸಿದರೆ ಮಣ್ಣು ಮತ್ತು ಗಿಡವನ್ನು ಬೇರೆ ಮಾಡಬಹುದೇ ಎಂಬುದು ನಾನು ಮುಂದೆ ಕೆಲಸ ಮಾಡಲು ಬಯಸುವ ಪ್ರಶ್ನೆ.’ ಮುಂದಿನ ಪ್ಯಾರಾದಲ್ಲಿ, ಆ ವಿಭಾಗದಲ್ಲಿ ಉದ್ದ ಅಲೆಯ ರಾಡಾರ್ ಮೇಲೆ ಕೆಲಸ ಮಾಡುವ ಇಬ್ಬರನ್ನು ಹೆಸರಿಸಿ, ಅವರ ಯಾವ ಕೆಲಸ ನನ್ನ ಪ್ರಶ್ನೆಗೆ ತಾಗುತ್ತದೆ ಅಂತ ಬರೆದೆ. ವಿಶ್ವವಿದ್ಯಾಲಯದ ಹೊಗಳಿಕೆಗೆ ಒಂದು ಸಾಲನ್ನೂ ಖರ್ಚು ಮಾಡಲಿಲ್ಲ. ಅವರ ಬಗ್ಗೆ ಅವರಿಗೇ ಹೇಳಿ ಏನು ಪ್ರಯೋಜನ, ಅಲ್ವಾ?

ಕೆಲವು ತಿಂಗಳ ನಂತರ ಅಂಥದ್ದೇ ಇನ್ನೊಂದು ಹುದ್ದೆಯ ಜಾಹೀರಾತು ಬಂತು. ಈ ಸಲ ನಾನು ಜಾಹೀರಾತನ್ನು ಪ್ರಿಂಟ್ ತೆಗೆದೆ. ಅವರು ಕೇಳಿದ ಒಂದೊಂದು ಅರ್ಹತೆಯ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ನನ್ನ ಸಾಕ್ಷಿ ಬರೆದೆ. ರಾಡಾರ್ ಚಿತ್ರಗಳ ಅನುಭವ ಅಂದಿದ್ದರು: ಎರಡು ಬೆಳೆ ಋತುಗಳ ಚಿತ್ರಗಳನ್ನು ನಾನೇ ಸಂಸ್ಕರಿಸಿದ್ದೆ. ಪೈಥಾನ್ ಅಂದಿದ್ದರು: ಆ ಕೆಲಸದ ಪ್ರೋಗ್ರಾಂ ನನ್ನದೇ, ಅದನ್ನು ಲ್ಯಾಬ್‌ನಲ್ಲಿ ನನ್ನ ನಂತರ ಬಂದವರೂ ಬಳಸುತ್ತಿದ್ದರು. ಹೊಲದಲ್ಲಿ ಕೆಲಸ ಮಾಡಲು ಸಿದ್ಧರಿರಬೇಕು ಅಂದಿದ್ದರು: ಆ 40 ಜಾಗಗಳಿದ್ದವು. ಕೊನೆಯದು, ಇದ್ದರೆ ಒಳ್ಳೆಯದು ಎಂಬ ಪಟ್ಟಿಯಲ್ಲಿ, ಹವಾಮಾನ ಮಾದರಿಗಳ ಅನುಭವ. ಅದರ ಪಕ್ಕ ಬರೆಯಲು ನನ್ನ ಬಳಿ ಏನೂ ಇರಲಿಲ್ಲ.

ಪತ್ರ ಒಂದೇ ಪುಟ, ಸುಮಾರು 350 ಪದ. ಮೊದಲ ಪ್ಯಾರಾದಲ್ಲಿ ಹುದ್ದೆಯ ಹೆಸರು, ಸಂಖ್ಯೆ, ನನ್ನ ಪದವಿ ಮತ್ತು ಯಾವ ತಿಂಗಳಿಂದ ಸೇರಬಲ್ಲೆ ಎಂಬುದು. ನಡುವಿನ ಎರಡು ಪ್ಯಾರಾಗಳಲ್ಲಿ ಆ ಪೆನ್ಸಿಲ್ ಟಿಪ್ಪಣಿಗಳು, ಜಾಹೀರಾತಿನ ಕ್ರಮದಲ್ಲೇ, ಅವರು ಬಳಸಿದ ಪದಗಳಲ್ಲೇ. ಓದುವವರ ಕೈಯಲ್ಲೂ ಅದೇ ಪಟ್ಟಿ ಇರುತ್ತದೆ, ಹುಡುಕುವ ಕಷ್ಟ ಅವರಿಗೆ ಕೊಡಬಾರದು. ಅದೇ ಪ್ರಾಜೆಕ್ಟ್ ಇಲ್ಲಿ ಹೀಗೆ ತಿರುಗಿತು: ‘40 ಜಾಗಗಳಲ್ಲಿ ಎರಡು ಋತು ಅಳತೆ ಮಾಡಿದ್ದೇನೆ. ಅಳತೆಯ ದಿನವನ್ನು ಉಪಗ್ರಹ ಹಾದುಹೋಗುವ ದಿನಕ್ಕೆ ಹೊಂದಿಸಿ ಯೋಜನೆ ಮಾಡಿದ್ದು ನಾನೇ. ನಿಮ್ಮ ಯೋಜನೆಯ ಹೊಲದ ಅಳತೆಗೂ ಇದೇ ರೀತಿಯ ಯೋಜನೆ ಬೇಕಾಗುತ್ತದೆ.’ ಎಲೆ ಮತ್ತು ಮಣ್ಣಿನ ಪ್ರಶ್ನೆ ಇಲ್ಲಿ ಬರಲೇ ಇಲ್ಲ. ಅದು ನನಗೆ ಎಷ್ಟೇ ಪ್ರಿಯವಾದರೂ ಅವರ ಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇಲ್ಲದ ಅರ್ಹತೆಯನ್ನೂ ಬರೆದೆ. ‘ಹವಾಮಾನ ಮಾದರಿಯ ಜೊತೆ ನಾನು ಇನ್ನೂ ಕೆಲಸ ಮಾಡಿಲ್ಲ. ಅದಕ್ಕೆ ಬೇಕಾದ ಅಂಕಿಅಂಶ ಶಾಸ್ತ್ರದ ಎರಡು ಕೋರ್ಸ್ ಮುಗಿಸಿದ್ದೇನೆ’ ಎಂದಷ್ಟೇ. ಮುಚ್ಚಿಟ್ಟಿದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದೇ ಆಗಿರುತ್ತಿತ್ತು. ಸಂದರ್ಶನ ನಡೆಯಿತು. ಅವರು ಮಾದರಿಯ ಬಗ್ಗೆ ಕೇಳಿದ್ದು ಎರಡೇ ನಿಮಿಷ, ಹೊಲದ ಅಳತೆಯ ಬಗ್ಗೆ ಕೇಳಿದ್ದು ಸುಮಾರು ಅರ್ಧ ಗಂಟೆ.

ಹೆಸರು ನೋಡಿ ಮಾತ್ರ ನಿರ್ಧಾರ ಮಾಡಬೇಡಿ. ಯುರೋಪಿನ ಎಷ್ಟೋ ಕಡೆ ‘ಮೋಟಿವೇಶನ್ ಲೆಟರ್’ ಅಂತ ಕೇಳುತ್ತಾರೆ. ಮಾಸ್ಟರ್ಸ್ ಕೋರ್ಸಿಗೆ ಕೇಳಿದರೆ ಅದು ಹೆಚ್ಚಾಗಿ ಎಸ್‌ಒಪಿಯ ಥರದ್ದು: ಈ ಕೋರ್ಸೇ ಯಾಕೆ, ಮುಂದೆ ಏನು ಮಾಡುತ್ತೀರಿ. ಪಿಎಚ್‌ಡಿ ಹುದ್ದೆಯ ಜಾಹೀರಾತಿನಲ್ಲಿ ಅದೇ ಹೆಸರು ಬಂದರೆ ಅದು ಹೆಚ್ಚಾಗಿ ಕವರ್ ಲೆಟರ್ರೇ. ಹೆಸರಿನ ಕೆಳಗೆ ಏನೇನು ಬರೆಯಬೇಕು ಅಂತ ಸೂಚನೆ ಇರುತ್ತದೆ, ಎಷ್ಟು ಪದ ಅಂತಲೂ ಇರಬಹುದು. ಆ ಎರಡು ಸಾಲನ್ನು ಓದಿದರೆ ಗೊತ್ತಾಗುತ್ತದೆ.

ನನ್ನ ತಂಗಿಯ ಪತ್ರ ತಿದ್ದುವಾಗ ನಾನು ಹೀಗೆ ಮಾಡಿದೆ. ಅವಳ ಕವರ್ ಲೆಟರ್ ಕೈಗೆ ತೆಗೆದುಕೊಂಡು, ಜಾಹೀರಾತಿನ ಪ್ರತಿ ಅರ್ಹತೆಗೂ ಪತ್ರದಲ್ಲಿ ಉತ್ತರ ಕೊಡುವ ಸಾಲಿನ ಕೆಳಗೆ ಗೆರೆ ಎಳೆದೆ. ಆರು ಅರ್ಹತೆ ಇದ್ದವು, ಎರಡೇ ಗೆರೆ ಬಿದ್ದವು. ಉಳಿದದ್ದೆಲ್ಲ ಅವಳಿಗೆ ಜೀವಶಾಸ್ತ್ರ ಯಾಕೆ ಇಷ್ಟವಾಯಿತು ಎಂಬ ಕಥೆ. ಕಥೆ ಚೆನ್ನಾಗಿತ್ತು. ಅದನ್ನು ಸುಮ್ನೆ ಅಳಿಸಬೇಡ, ಬೇರೆ ಫೈಲಿನಲ್ಲಿ ಇಟ್ಟುಕೋ ಅಂದೆ. ಎರಡು ತಿಂಗಳ ನಂತರ ಅವಳ ಎಸ್‌ಒಪಿ ಅಲ್ಲಿಂದಲೇ ಶುರುವಾಯಿತು.