474 ರೂಪಾಯಿ ಬಾಕಿ ಅಂದವರಿಂದಲೇ 3,240 ವಾಪಸ್ ಪಡೆದ ನನ್ನ ಅನುಭವ

"ಹೋದ ದುಡ್ಡು ಹೋಯ್ತು ಕಣೋ, ಬ್ರಾಡ್‌ಬ್ಯಾಂಡ್‌ನೋರು ಯಾವತ್ತಾದ್ರೂ ಅಡ್ವಾನ್ಸ್ ವಾಪಸ್ ಕೊಟ್ಟಿದ್ದಾರಾ?" ಅಂತ ನಮ್ಮ ಭಾವ ನಕ್ಕಿದ್ದರು. ದುಡ್ಡು ಬಂದ ದಿನ ಬ್ಯಾಂಕಿನ ಮೆಸೇಜಿನ ಸ್ಕ್ರೀನ್‌ಶಾಟ್ ಅವರಿಗೇ ಮೊದಲು ಕಳಿಸಿದೆ.

ತಿಂಗಳಿಗೆ 799ರ ಪ್ಲಾನು. ಆರು ತಿಂಗಳದ್ದು ಜೂನ್ ಒಂದಕ್ಕೆ ಒಟ್ಟಿಗೇ ಕಟ್ಟಿದ್ದೆ, ಜಿಎಸ್‌ಟಿ ಸೇರಿ 5,650ರ ಆಸುಪಾಸು. ಆಗಸ್ಟ್ ಮಧ್ಯದಲ್ಲಿ ಮೈಸೂರಲ್ಲೇ ಮನೆ ಬದಲಾಯಿಸಿದ್ವಿ. ಹೊಸ ಬೀದಿಗೆ ಇವರ ಕೇಬಲ್ಲೇ ಇಲ್ಲ. 16ಕ್ಕೆ ಡಿಸ್ಕನೆಕ್ಷನ್ ಕೋರಿಕೆ ಹಾಕಿದೆ. ಹುಡುಗ ಬಂದು ಓಎನ್‌ಟಿ ಅನ್ನೋ ಇಂಟರ್ನೆಟ್ ಬಾಕ್ಸ್ ತಗೊಂಡು ಹೋಗಿದ್ದು ಸೆಪ್ಟೆಂಬರ್ 9ಕ್ಕೆ. ಫೈನಲ್ ಬಿಲ್ ನೋಡಿದರೆ ನಾನೇ 474 ರೂಪಾಯಿ ಕೊಡಬೇಕಂತೆ!

ಕೂತು ಲೆಕ್ಕ ಬಿಡಿಸಿದೆ. ಬಾಕ್ಸ್ ವಾಪಸ್ ಬಂದ ತಿಂಗಳು ಮುಗಿಯೋವರೆಗೂ ಬಾಡಿಗೆ ಹಿಡಿದಿದ್ದರು. ಹಾಗಾಗಿ ಉಳಿದದ್ದು ಎರಡೇ ತಿಂಗಳು, ತೆರಿಗೆ ಸೇರಿ 1,886. ಅದರ ಮೇಲೆ ಸಾಧನ ಮರಳಿಸಿಲ್ಲ ಅಂತ 2,000, ಜಿಎಸ್‌ಟಿ ಸೇರಿ 2,360. 2,360ರಿಂದ 1,886 ಕಳೆದರೆ 474 ಬಾಕಿ.

ಎರಡು ತಿಂಗಳು ನಾನು ಮಾಡಿದ ಪೆದ್ದುತನ ಅಂದ್ರೆ "ರೀಫಂಡ್ ಕೊಡಿ" ಅಂತ ಕೇಳಿದ್ದು. ಆ ಪದ ಕೇಳಿದ ತಕ್ಷಣ "ಮುಂಗಡ ಬಾಡಿಗೆ ಹಿಂದಿರುಗಿಸುವುದಿಲ್ಲ" ಅಂತ ಉತ್ತರ ಬರುತ್ತೆ, ಮೂರೇ ದಿನಕ್ಕೆ ದೂರು ಕ್ಲೋಸ್. ಹೀಗೆ ಎರಡು ಡಾಕೆಟ್, ಅಂದ್ರೆ ನಂಬರ್ ಹಾಕಿ ದಾಖಲಿಸಿದ ದೂರು, ಹೋದವು. ನಡುವೆ ಬ್ಯಾಂಕಿನಲ್ಲಿ ಯುಪಿಐ ಡಿಸ್ಪ್ಯೂಟ್ ಹಾಕಿ ನೋಡಿದೆ, ಪೇಮೆಂಟ್ ಯಶಸ್ವಿಯಾಗಿದೆ ಅಂತ ತಿರಸ್ಕರಿಸಿದರು. ಗ್ರಾಹಕ ಸಹಾಯವಾಣಿ 1915ಕ್ಕೂ ಹಾಕಿದ್ದೆ, ಕಂಪನಿಯಿಂದ ಅದೇ ಅಚ್ಚೊತ್ತಿದ ಉತ್ತರ. ಅತ್ತ ದಿನಾ ಒಂದು ಹೆಣ್ಣುಮಗಳ ಫೋನು, "ಸರ್, 474 ಕಟ್ಟಿಬಿಡಿ, ಕ್ಲೋಸ್ ಮಾಡ್ತೀನಿ." ಸುಮಾರು ಜನ ಕಾಟ ತಪ್ಪಲಿ ಅಂತ ಇಲ್ಲೇ ಕಟ್ಟಿಬಿಡ್ತಾರೆ. ಕಟ್ಟಿದರೆ ಬಿಲ್ ಒಪ್ಪಿಕೊಂಡ ಹಾಗೆ. ನಾನು ಕಟ್ಟಲಿಲ್ಲ.

ಮೂರನೇ ಸಲ ರೀಫಂಡ್ ಅನ್ನೋ ಪದವನ್ನೇ ಎತ್ತಲಿಲ್ಲ. "ಫೈನಲ್ ಬಿಲ್‌ನಲ್ಲಿ ಎರಡು ಸಾಲು ತಪ್ಪಿದೆ, ತಿದ್ದಿ ಕೊಡಿ" ಅಂತ ಬಿಲ್ಲಿಂಗ್ ದೂರು ಹಾಕಿದೆ. ಬಿಲ್ ಸರಿಯಾದರೆ ದುಡ್ಡು ತಾನಾಗೇ ಅವರ ಕಡೆ ಬಾಕಿ ಬೀಳುತ್ತಲ್ಲ.

ಮೊದಲ ಸಾಲು ತಾರೀಕು. ಕೋರಿಕೆ ಹಾಕಿದ ದಿನದ ಎಸ್‌ಎಂಎಸ್ ಇತ್ತು, 16ರಿಂದ ಡೇಟಾ ಬಳಕೆ ಸೊನ್ನೆ ಅಂತ ಆ್ಯಪ್‌ನಲ್ಲಿ ಕಾಣ್ತಿತ್ತು. ಹುಡುಗನನ್ನ ಮೂರು ವಾರ ತಡವಾಗಿ ಕಳಿಸಿದ್ದು ಅವರು, ಬಾಡಿಗೆ ನನ್ನ ತಲೆಗೇ?

ಎರಡನೇದು ಮಜಾ. ಬಿಲ್‌ನಲ್ಲಿದ್ದ ಸೀರಿಯಲ್ ನಂಬರನ್ನ ನನ್ನ ಫೋಟೋ ಜೊತೆ ಹೋಲಿಸಿದೆ. ಬಾಕ್ಸ್ ಕೊಡುವಾಗ ಹುಡುಗನ ಬ್ಯಾಗಿನ ಮೇಲಿಟ್ಟು ಹಿಂದಿನ ಸ್ಟಿಕ್ಕರ್ ಕಾಣೋ ಹಾಗೆ ಫೋಟೋ ತೆಗೆದಿದ್ದೆ. ಕೊನೇ ನಾಲ್ಕು ಅಂಕಿ ಬೇರೆ! ಹಿಂದಿನ ವರ್ಷ ಸಿಡಿಲಿಗೆ ಹಳೇ ಬಾಕ್ಸ್ ಸುಟ್ಟು ಅವರೇ ಬೇರೆ ಕೊಟ್ಟಿದ್ದರು, ಸಿಸ್ಟಮ್‌ನಲ್ಲಿ ಬದಲಾಯಿಸಿರಲಿಲ್ಲ. ಹೊಸದು ವಾಪಸ್ ಬಂದರೂ ಹಳೇದು ನನ್ನ ಹೆಸರಲ್ಲೇ ಇತ್ತು. ರಿಪೇರಿ ದಿನದ ಮೆಸೇಜೂ ಲಗತ್ತಿಸಿದೆ.

ಅದನ್ನೂ ಓದದೆ ಮುಚ್ಚಿದರು. ಇಷ್ಟಾದ್ರೆ ಕಂಪನಿಯೊಳಗಿನ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು. ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮ ಪ್ರಕಾರ ಡಾಕೆಟ್ ಮುಗಿದ 30 ದಿನದೊಳಗೆ ಹಾಕಬೇಕು, ಶುಲ್ಕ ಇಲ್ಲ, ಅವರಿಗೆ 39 ದಿನ ಗಡುವು. ಟ್ರಾಯ್‌ಗೇ ನೇರ ಬರೆದರೆ ಒಬ್ಬೊಬ್ಬರ ದೂರನ್ನ ಅವರು ವಿಚಾರಿಸಲ್ಲ, ಕಂಪನಿಗೇ ದಾಟಿಸ್ತಾರೆ. ಒಂದು ಪುಟದ ಅಪೀಲು ಬರೆದೆ, ಎರಡು ಸಾಲು, ಎರಡು ಲಗತ್ತು. ಕೊನೆಗೆ ಹಾಕಿದ ಒಂದು ವಾಕ್ಯದಿಂದಲೇ ಕೆಲಸ ಆಯ್ತು ಅನ್ನೋದು ನನ್ನ ನಂಬಿಕೆ. ಅದನ್ನ ಇಲ್ಲಿ ಬರೆಯಲ್ಲ, ಎಲ್ಲರೂ ಅದನ್ನೇ ಅಂಟಿಸಿದರೆ ಸವೆದುಹೋಗುತ್ತೆ.

ಒಂದು ತಿಂಗಳಾಗಿರಬಹುದು, ಮ್ಯಾನೇಜರೊಬ್ಬರು ಫೋನ್ ಮಾಡಿ ಸಾಧನದ 2,360 ಪೂರ್ತಿ ತೆಗೆದರು. ಬಾಡಿಗೆ ಲೆಕ್ಕದಲ್ಲಿ ನನ್ನ ಪ್ರಕಾರ ಮೂರೂವರೆ ತಿಂಗಳದ್ದು 3,300 ಬರಬೇಕಿತ್ತು. ಲೈನ್ ಕತ್ತರಿಸೋಕೆ ಎರಡು ದಿನ ಹಿಡಿದರು, 60 ರೂಪಾಯಿಗೆ ಜಗಳ ಬೇಡ ಅಂತ ಬಿಟ್ಟೆ. ಆರು ತಿಂಗಳದ್ದು ಒಟ್ಟಿಗೇ ಕಟ್ಟಿದ್ದಕ್ಕೆ ಕೊಟ್ಟಿದ್ದ ಹದಿನೈದು ದಿನದ ಬಿಟ್ಟಿ ಅವಧಿಯನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ, ಅದನ್ನ ನಾನೂ ಕೇಳಲಿಲ್ಲ. ಬರೀ ದುಡ್ಡು ಸಾಲದು, ತಿದ್ದಿದ ಬಿಲ್ಲೂ ಕ್ರೆಡಿಟ್ ನೋಟೂ ಮೇಲ್‌ಗೆ ಕಳಿಸಿ ಅಂತ ಪಟ್ಟು ಹಿಡಿದೆ. ಇಲ್ಲದಿದ್ದರೆ ಹಳೇ 474 ಮತ್ತೆ ವಸೂಲಿಯವರ ಪಟ್ಟಿಗೆ ಬರಬಹುದು.

ಹಣ ಇನ್ನೂ ಹತ್ತು ದಿನ ತಡ ಆಯ್ತು. ಮುಚ್ಚಿದ ಹಳೇ ಖಾತೆಗೆ ಕಳಿಸಿ ವಾಪಸ್ ಹೋಗಿತ್ತಂತೆ. ರದ್ದು ಮಾಡಿದ ಚೆಕ್ಕಿನ ಫೋಟೋ ಕೊಟ್ಟ ಮೇಲೆ 3,240ರಷ್ಟು ಬಂತು. ಭಾವ ಈಗ ತಮ್ಮ ಹಳೇ ಕನೆಕ್ಷನ್‌ನ ಬಿಲ್ ಹುಡುಕ್ತಿದ್ದಾರೆ.