ಮಗನ ಮೇಲೆ ಕೈ ಮಾಡಿದಿರಾ? ಕ್ಷಮೆಯ ಪತ್ರ ಹೀಗೆ ಬರೆಯಿರಿ

ಬೆಳೆದ ಮಗನಿಗೆ ಸಿಟ್ಟಿನಲ್ಲಿ ಹೊಡೆದ ಅಪ್ಪಂದಿರು ಆಮೇಲೆ ಬರೆಯುವ ಪತ್ರ ಸಾಮಾನ್ಯವಾಗಿ ಎರಡನೇ ಸಾಲಿಗೇ ದಾರಿ ತಪ್ಪುತ್ತದೆ. ಕ್ಷಮೆ ಕೇಳಲು ಕೂತವರು ಬುದ್ಧಿ ಹೇಳಲು ಶುರು ಮಾಡಿರುತ್ತಾರೆ.

ಮೊದಲು ಸಿಟ್ಟು ಇಳಿಯಲಿ. ಒಂದು ರಾತ್ರಿ ಕಳೆದರೆ ಸಾಕು, ವಾರಗಟ್ಟಲೆ ಎಳೆಯಬೇಡಿ. ಕಾಗದದ ಮೇಲೆ ಕೈಯಲ್ಲೇ ಬರೆಯಿರಿ. ನೆಟ್‌ನಲ್ಲಿ ಸಿಗುವ ರೆಡಿ ಪತ್ರಗಳಂತೂ ಬೇಡವೇ ಬೇಡ. ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಎಂಬ ಸಾಲು ಅವುಗಳಲ್ಲಿ ಇದ್ದೇ ಇರುತ್ತದೆ. ಏಟು ತಿಂದವನಿಗೆ ‘ನೋವಾಗಿದ್ದರೆ’ ಅಂತ ಬರೆಯೋದು ಸರಿಯಲ್ಲ, ಅಲ್ವಾ?

ಕಷ್ಟ ಇರೋದು ಮುಂದಿನ ಹಂತದಲ್ಲಿ. ಏನು ಮಾಡಿದಿರೋ ಅದನ್ನು ಇದ್ದ ಹಾಗೆ ಬರೆಯಬೇಕು. ರಾತ್ರಿ ಹನ್ನೊಂದಾದರೂ ಮಗ ಫೋನ್ ಬಿಟ್ಟಿಲ್ಲ. ಅಪ್ಪ ಕೂಗಾಡಿ, ತಂಗಿಯ ಎದುರೇ ಅವನ ಕೆನ್ನೆಗೆ ಹೊಡೆದಿದ್ದಾರೆ ಅಂದುಕೊಳ್ಳಿ. ಕೈಗೆ ಮೊದಲು ಬರುವ ಪತ್ರ ಹೀಗಿರುತ್ತದೆ:

‘ನಿನ್ನೆ ಸ್ವಲ್ಪ ಜಾಸ್ತಿ ಆಯ್ತು. ಆದರೆ ನೀನು ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳಿದ್ದು.’

ಇದರಲ್ಲಿ ಹೊಡೆದವರೇ ಇಲ್ಲ, ಏನೋ ತಾನಾಗಿಯೇ ‘ಆಯ್ತು’. ‘ಆದರೆ’ ಬಂದ ಕೂಡಲೇ ತಪ್ಪು ಮಗನ ತಲೆಗೆ ಹೋಯಿತು. ಅವನು ಓದುವುದು ಅಲ್ಲಿಂದ ಮುಂದಿನದ್ದನ್ನು ಮಾತ್ರ. ಆ ಮೂರೂ ಸಾಲು ಹೊಡೆದು ಹಾಕಿ, ಹೀಗೆ ಬರೆಯಿರಿ:

‘ನಿನ್ನೆ ರಾತ್ರಿ ನಿನ್ನ ಕೆನ್ನೆಗೆ ಹೊಡೆದೆ. ತಂಗಿಯ ಎದುರು ನಿನ್ನನ್ನು ಕೆಲಸಕ್ಕೆ ಬಾರದವನು ಅಂದೆ. ಎರಡೂ ನನ್ನ ತಪ್ಪು. ನೀನು ಏನೇ ಮಾಡಿದ್ದರೂ ನಾನು ಕೈ ಎತ್ತಬಾರದಿತ್ತು. ಕ್ಷಮೆ ಕೇಳುತ್ತೇನೆ.’

ಆಡಿದ ಮಾತನ್ನು ಬಿಡಬೇಡಿ. ಈ ವಯಸ್ಸಿನಲ್ಲಿ ಕೆನ್ನೆಯ ಉರಿ ಹೋದ ಮೇಲೂ ತಂಗಿಯ ಮುಂದೆ ಆದ ಅವಮಾನ ಉಳಿಯುತ್ತದೆ. ಹಾಗಾಗಿ ಅವಳಿಗೂ ‘ನಾನು ಅಣ್ಣನಿಗೆ ಹೊಡೆದದ್ದು ತಪ್ಪು’ ಎಂದು ಬಾಯಿಬಿಟ್ಟು ಹೇಳಿ.

‘ಇನ್ನು ಮೇಲೆ ಸಿಟ್ಟೇ ಮಾಡಲ್ಲ’ ಅಂತ ಬರೆದರೆ ಅವನು ನಂಬಲ್ಲ. ನಿಮ್ಮ ಕೈಲಾಗುವುದನ್ನೇ ಬರೆಯಿರಿ: ‘ದನಿ ಏರಿದರೆ ನಾನೇ ರೂಮಿನಿಂದ ಹೊರಗೆ ಹೋಗುತ್ತೇನೆ. ಮಾತು ಬೆಳಿಗ್ಗೆ ಮುಂದುವರಿಸೋಣ.’ ಬರೆದ ಮೇಲೆ ಹಾಗೇ ನಡೆದುಕೊಳ್ಳಿ. ಫೋನಿನ ವಿಷಯ ಈ ಪತ್ರದಲ್ಲಿ ಬೇಡ. ಅದನ್ನು ಇನ್ನೊಂದು ದಿನ ಕೂತು ಮಾತಾಡಿ.

ಪತ್ರವನ್ನು ಅವನ ಮೇಜಿನ ಮೇಲಿಟ್ಟು ಬಂದುಬಿಡಿ. ಎದುರು ನಿಂತು ಓದಿಸಬೇಡಿ, ‘ಕ್ಷಮಿಸಿದೆಯಾ?’ ಅಂತ ಕೇಳಬೇಡಿ. ಜೊತೆಗೆ ಉಡುಗೊರೆ ಇಡಲೇಬೇಡಿ, ಸುಮ್ಮನಿರಲು ಕೊಟ್ಟ ಬೆಲೆಯಂತೆ ಕಾಣುತ್ತದೆ. ಅವನು ಕೆಲವು ದಿನ ಮುಖ ಕೊಟ್ಟು ಮಾತಾಡದೇ ಇರಬಹುದು, ಇರಲಿ ಬಿಡಿ.

ಕೈ ಎತ್ತಿದ್ದು ಇದೇ ಮೊದಲಲ್ಲ ಅಂತಾದರೆ ಪತ್ರವೊಂದೇ ಸಾಲದು. ಆಪ್ತ ಸಮಾಲೋಚಕರ ಹತ್ತಿರ ಸಮಯ ಗೊತ್ತು ಮಾಡಿಕೊಂಡು, ಯಾವತ್ತು ಹೋಗುತ್ತೀರಿ ಎಂಬುದನ್ನೂ ಪತ್ರದಲ್ಲೇ ಬರೆಯಿರಿ.