ಕಾಂಟ್ರಾಕ್ಟ್ ಆಯ್ತು ಸರಿ, ಯಾರ ಷರತ್ತಿನ ಮೇಲೆ?

ಇಂಗ್ಲೆಂಡಿನ ಕಾಂಟ್ರಾಕ್ಟ್ ಕಾನೂನಿನ ಪರೀಕ್ಷೆಯಲ್ಲಿ ಮೊದಲ ಸಲ ನನಗೆ ತುಂಬಾ ಕಡಿಮೆ ಅಂಕ ಬಂತು. ಆಫರ್ ಎಂದರೇನು, ಅಕ್ಸೆಪ್ಟೆನ್ಸ್ ಎಂದರೇನು ಅಂತ ಎರಡು ಪುಟ ತುಂಬಿಸಿ, ಟರ್ಮಿನೇಷನ್‌ಗೆ, ಅಂದರೆ ಕಾಂಟ್ರಾಕ್ಟ್ ರದ್ದು ಮಾಡೋ ಭಾಗಕ್ಕೆ, ನಾಲ್ಕು ಸಾಲು ಉಳಿಸಿಕೊಂಡಿದ್ದೆ. ಜಗಳ ಇದ್ದದ್ದೇ ಅಲ್ಲಿ!

ಆಮೇಲೆ ಉತ್ತರವನ್ನು ಹಿಂದಿನಿಂದ ಯೋಚಿಸೋಕೆ ಶುರು ಮಾಡಿದೆ. ನಾನು ಅಭ್ಯಾಸ ಮಾಡಿದ ಒಂದು ಪ್ರಶ್ನೆ ಹೀಗಿತ್ತು. 200 ಕುರ್ಚಿ ಕೊಡುತ್ತೇನೆ, ಸುಮಾರು 10ನೇ ತಾರೀಕಿಗೆ ಬರುತ್ತೆ ಅಂತ ಮಾರುವವನು ಬರೆಯುತ್ತಾನೆ. ಕೊಳ್ಳುವವಳು, 'ಒಪ್ಪಿಗೆ, ಆದರೆ 10ರೊಳಗೆ ಬರಲೇಬೇಕು, ತಡವಾದರೆ ತಗೊಳ್ಳಲ್ಲ' ಅಂತಾಳೆ. ಅವನು ಉತ್ತರ ಕೊಡದೆ 6ಕ್ಕೆ 50 ಕುರ್ಚಿ ಕಳಿಸುತ್ತಾನೆ. 8ಕ್ಕೆ ಜಾಸ್ತಿ ಹಣ ಕೇಳುತ್ತಾನೆ, ಅವಳು ಹೂಂ ಅಂತಾಳೆ. ಉಳಿದದ್ದು ಬರೋದು 12ಕ್ಕೆ. ಅವಳು ರದ್ದು ಮಾಡುತ್ತಾಳೆ.

ರದ್ದು ಸರಿಯೇ ಅನ್ನೋದು '10ರೊಳಗೆ' ಅನ್ನೋ ಮಾತು ಕಾಂಟ್ರಾಕ್ಟ್‌ನಲ್ಲಿ ಇದೆಯೇ ಅನ್ನೋದರ ಮೇಲೆ ನಿಂತಿದೆ. ಹಾಗಾಗಿ ಆಫರ್ ಭಾಗದಲ್ಲಿ 'ಕಾಂಟ್ರಾಕ್ಟ್ ಇದೆ' ಅಂತ ಮುಗಿಸದೆ, ಯಾರ ಷರತ್ತಿನ ಮೇಲೆ ಅಂತ ಬರೆಯಬೇಕು. ಅವಳ ಉತ್ತರ ಷರತ್ತು ಬದಲಿಸಿತು, ಅಂದರೆ ಅದು ಒಪ್ಪಿಗೆಯಲ್ಲ, ಅವಳ ಕಡೆಯ ಹೊಸ ಆಫರ್, ಕೌಂಟರ್ ಆಫರ್ (ಹೈಡ್ ವರ್ಸಸ್ ರೆಂಚ್, 1840). ಅವನು ಕುರ್ಚಿ ಕಳಿಸಿದ್ದು ನಡವಳಿಕೆಯಿಂದ ಕೊಟ್ಟ ಒಪ್ಪಿಗೆ. ಹಾಗಾದರೆ ಕಾಂಟ್ರಾಕ್ಟ್ ಅವಳ ಮಾತಿನ ಮೇಲೆ ನಿಂತಿದೆ, 10ನೇ ತಾರೀಕು ಕಂಡೀಷನ್, ಅಂದರೆ ಮುರಿದರೆ ರದ್ದು ಮಾಡಬಹುದಾದ ಮುಖ್ಯ ಷರತ್ತು, ಹಾಗಾಗಿ ಎರಡು ದಿನ ತಡವಾದರೂ ರದ್ದು ಮಾಡಬಹುದು.

ಇಲ್ಲಿಗೆ ನಿಲ್ಲಿಸಬಾರದು. 'ಇದು ತಪ್ಪು ಅಂತಾದರೆ' ಅಂತ ಇನ್ನೊಂದು ದಾರಿಯನ್ನೂ ಹಿಡಿಯಬೇಕು. ಬರೀ 'ಸುಮಾರು 10' ಉಳಿದರೆ ಹಾಂಕಾಂಗ್ ಫರ್ ಕೇಸಿನ (1962) ಪ್ರಶ್ನೆ ಬರುತ್ತದೆ: ಈ ತಡದಿಂದ ಅವಳು ಕಾಂಟ್ರಾಕ್ಟ್‌ನಿಂದ ಬಯಸಿದ್ದು ಬಹುಮಟ್ಟಿಗೆ ಕೈತಪ್ಪಿತೇ? 'ಇಲ್ಲ' ಅಂತಾದರೆ ತಪ್ಪಾಗಿ ರದ್ದು ಮಾಡಿದ ಅವಳೇ ಕಾಂಟ್ರಾಕ್ಟ್ ಮುರಿದವಳಾಗುತ್ತಾಳೆ. ಈ ತಿರುವನ್ನು ಮೊದಲ ಸಲ ನಾನು ಪೂರ್ತಿ ಬಿಟ್ಟಿದ್ದೆ.

8ಕ್ಕೆ ಅವನು ಕೇಳಿದ ಜಾಸ್ತಿ ಹಣದ ವಿಷಯದಲ್ಲಿ ಕನ್ಸಿಡರೇಷನ್, ಅಂದರೆ ಒಬ್ಬರ ಮಾತಿಗೆ ಪ್ರತಿಯಾಗಿ ಇನ್ನೊಬ್ಬರು ಕೊಡೋದು, ಬಗ್ಗೆ ಒಂದೇ ಪ್ಯಾರಾ ಸಾಕು. ಮೊದಲೇ ಒಪ್ಪಿದ ಕೆಲಸಕ್ಕೆ ಹೆಚ್ಚಿನ ಹಣ ಬರಲ್ಲ (ಸ್ಟಿಲ್ಕ್ ವರ್ಸಸ್ ಮೈರಿಕ್, 1809), ಆದರೆ ಒತ್ತಡ ಹೇರದೆ ಅವಳಿಗೆ ನಿಜವಾದ ಲಾಭ ಸಿಕ್ಕಿದ್ದರೆ ವಿಲಿಯಮ್ಸ್ ವರ್ಸಸ್ ರಾಫಿ ಕೇಸು ಅವನ ಕಡೆ ಬರಬಹುದು. ಅವನು ಸರಕು ತಡೆಹಿಡಿಯುತ್ತೇನೆ ಅಂತ ಹೆದರಿಸಿ ಕೇಳಿದ್ದನೇ ಅಂತ ಪ್ರಶ್ನೆಯಲ್ಲಿ ಹುಡುಕಿ.

ಇದೇ 8ನೇ ತಾರೀಕಿನ ಮಾತನ್ನು ಎರಡನೇ ಸಲ ಬಳಸಿದಾಗಲೇ ನನ್ನ ಉತ್ತರ ಸುಧಾರಿಸಿದ್ದು. ಬರೀ 'ಹೂಂ' ಅಂದರೆ ತಾರೀಕು ಹಾಗೇ ಇರುತ್ತದೆ. 'ಹೂಂ, 12ಕ್ಕೆ ಬಂದರೂ ಪರವಾಗಿಲ್ಲ' ಅಂದಿದ್ದರೆ ಆ ಕಂಡೀಷನ್ ಅವಳೇ ಬಿಟ್ಟುಕೊಟ್ಟ ಹಾಗೆ, ರದ್ದು ನಿಲ್ಲೋದು ಕಷ್ಟ. ಅದಕ್ಕೇ ಈಗ ಬರೆಯೋಕೆ ಮುಂಚೆ ಪ್ರತಿ ತಾರೀಕಿನ ಎದುರಿಗೂ 'ಇದು ಇನ್ನೆಲ್ಲಿ ಬೇಕಾಗುತ್ತೆ?' ಅಂತ ಪೆನ್ಸಿಲ್‌ನಲ್ಲಿ ಗೀಚಿಕೊಳ್ಳುತ್ತೇನೆ.